ಇಂಟರ್‌ವ್ಯೂಗೆಂದು ಬೆಂಗಳೂರಿಗೆ ಹೋಗಿ ಗೆಳತಿಯ ಪಿ.ಜಿ.ಯಲ್ಲಿ ಉಳಿದದ್ದು

ಮೇಲ್ ಬಂದದ್ದು ಗುರುವಾರ ಸಂಜೆ. ಅವತ್ತು 20ನೇ ತಾರೀಖು. ನಾನು ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. 20ನೇ ತಾರೀಖು ಅಂದರೆ ನಮಗೆ ಜಿ.ಎಸ್.ಟಿ. ರಿಟರ್ನ್ ತುಂಬುವ ಕೊನೆಯ ದಿನ, ತಲೆ ಎತ್ತಲೂ ಪುರಸೊತ್ತಿರಲ್ಲ. ರಾತ್ರಿ ಎಂಟಕ್ಕೆ ಫೋನ್ ನೋಡಿದಾಗ ಗೊತ್ತಾಯಿತು. ಫೋನಿನಲ್ಲಿ ನಡೆದ ಮೊದಲ ಸುತ್ತು ಪಾಸಾಗಿದೆ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವೈಟ್‌ಫೀಲ್ಡ್ ಆಫೀಸಿಗೆ ಖುದ್ದಾಗಿ ಬನ್ನಿ, ಒರಿಜಿನಲ್ ಐ.ಡಿ., ಮಾರ್ಕ್ಸ್ ಕಾರ್ಡ್, ರೆಸ್ಯೂಮೆ ಎರಡು ಪ್ರತಿ ತನ್ನಿ ಅಂತ ಬರೆದಿದ್ದರು. ಉಳಿಯಲು ಜಾಗದ ಬಗ್ಗೆ ಒಂದಕ್ಷರ ಇರಲಿಲ್ಲ. ಹೊಸಬರನ್ನು ಕರೆಯುವ ಕಂಪನಿಗಳು ಸಾಮಾನ್ಯವಾಗಿ ಅದನ್ನೆಲ್ಲ ಕೊಡುವುದಿಲ್ಲ. ಬಸ್ಸು, ಊಟ, ವಸತಿ ಎಲ್ಲ ನಮ್ಮದೇ.

ಅಮ್ಮ ಹೇಳಿದ್ದು ಒಂದೇ ಮಾತು, "ರಾಜಾಜಿನಗರದಲ್ಲಿ ದೊಡ್ಡಮ್ಮ ಇಲ್ವೇನೇ?" ಇದ್ದಾರೆ. ಒಳ್ಳೆಯವರೇ. ಆದರೆ ನೆಂಟರ ಮನೆಗೆ ಇಂಟರ್‌ವ್ಯೂಗೆಂದು ಹೋದರೆ ಅದರ ಫಲಿತಾಂಶ ನಮ್ಮದಾಗಿ ಉಳಿಯಲ್ಲ. ಕೆಲಸ ಸಿಗದಿದ್ದರೆ ಮುಂದಿನ ಮದುವೆ, ನಾಮಕರಣದಲ್ಲೆಲ್ಲ "ಏನಾಯ್ತಮ್ಮಾ ಅದು?" ಅಂತ ಕೇಳುತ್ತಾರೆ. ಜೊತೆಗೆ ಅವರ ಮನೆಗೆ ಹೋದ ಮೇಲೆ ಊಟಕ್ಕೆ ಕೂರಬೇಕು, ಮಾತಾಡಬೇಕು, ಭಾನುವಾರ ರಾತ್ರಿ ಎಕ್ಸೆಲ್ ಫಾರ್ಮುಲಾ ನೋಡುತ್ತಾ ಮೂಲೆಯಲ್ಲಿ ಕೂತರೆ ಚೆನ್ನಾಗಿರಲ್ಲ. ಮೆಜೆಸ್ಟಿಕ್ ಸುತ್ತಮುತ್ತ ಲಾಡ್ಜ್ ನೋಡಿದೆ. ಒಬ್ಬಳೇ ಹೆಣ್ಣುಮಗಳು ಧೈರ್ಯವಾಗಿ ಉಳಿಯಬಹುದು ಅನ್ನಿಸಿದ್ದೆಲ್ಲ ದಿನಕ್ಕೆ 1,200ರ ಮೇಲೆ. ಉಳಿದದ್ದು ಗೆಳತಿಯರು.

ಬೆಂಗಳೂರಿನಲ್ಲಿ ನನಗೆ ಕೇಳಬಹುದಾದವರು ಮೂವರಿದ್ದರು. ಎಲ್ಲರಿಗಿಂತ ಆಪ್ತಳು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಳೆ. ಮದುವೆಯಾಗಿದೆ, ಬಾಡಿಗೆ ಮನೆ. ಇನ್ನೊಬ್ಬಳು ಯಲಹಂಕದಲ್ಲಿ. ಮೂರನೆಯವಳು ವಿಜಯನಗರದ ಒಂದು ಲೇಡೀಸ್ ಪಿ.ಜಿ.ಯಲ್ಲಿ. ಇವಳು ಡಿಗ್ರಿಯಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್. ಈಗ ಹುಟ್ಟುಹಬ್ಬದ ವಿಶ್ ಬಿಟ್ಟರೆ ಮಾತುಕತೆ ಕಡಿಮೆ.

ನಾನು ಮೂರನೆಯವಳನ್ನೇ ಕೇಳಿದೆ. ಕಾರಣ ಮೆಟ್ರೋ. ಎಲೆಕ್ಟ್ರಾನಿಕ್ ಸಿಟಿಯಿಂದ ಹಳದಿ ಮಾರ್ಗದಲ್ಲಿ ಆರ್.ವಿ. ರೋಡ್‌ಗೆ ಬಂದು, ಅಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗ. ಎರಡು ಕಡೆ ಇಳಿದು ಹತ್ತಬೇಕು, ಅದೂ ಸೋಮವಾರ ಬೆಳಗಿನ ನೂಕುನುಗ್ಗಲಿನಲ್ಲಿ. ವಿಜಯನಗರ ನೇರಳೆ ಮಾರ್ಗದಲ್ಲೇ ಇದೆ. ವೈಟ್‌ಫೀಲ್ಡ್ ಕಡೆಗೆ ಒಂದೇ ರೈಲು. ನಕ್ಷೆಯಲ್ಲಿ ಎರಡೂ ದೂರವೇ, ಆದರೆ ಒಂದೇ ರೈಲಿನ ದೂರಕ್ಕೂ ಮೂರು ರೈಲಿನ ದೂರಕ್ಕೂ ಬಹಳ ವ್ಯತ್ಯಾಸ. ನೀವೂ ಯಾರು ಜಾಸ್ತಿ ಆಪ್ತರು ಅಂತ ನೋಡುವ ಮೊದಲು ಇಂಟರ್‌ವ್ಯೂ ಜಾಗಕ್ಕೆ ಬೆಳಿಗ್ಗೆ ಎಂಟು ಗಂಟೆಗೆ ಹೊರಟರೆ ಎಷ್ಟು ಹೊತ್ತು ಅಂತ ನೋಡಿ. ಆಪ್ತಳಿಗೆ ಬೇಜಾರಾಗದ ಹಾಗೆ ಮೊದಲೇ ಒಂದು ಫೋನ್ ಮಾಡಿ ವಿಷಯ ಹೇಳಿಬಿಟ್ಟೆ. "ಸರಿ ಬಿಡೇ, ನಮ್ಮನೆಯಿಂದ ಹೋದ್ರೆ ನೀನು ಇಂಟರ್‌ವ್ಯೂಗೆ ಮಧ್ಯಾಹ್ನ ಮುಟ್ತೀಯ" ಅಂತ ಅವಳೇ ನಕ್ಕಳು.

ಈಗ ಕೇಳುವುದು ಹೇಗೆ? ವರ್ಷಗಟ್ಟಲೆ ಸರಿಯಾಗಿ ಮಾತಾಡದೆ ಈಗ ಏಕಾಏಕಿ ಜಾಗ ಕೇಳುವುದಕ್ಕೆ ನಾಚಿಕೆ ಆಯಿತು. "ಹಾಯ್, ಹೇಗಿದ್ದೀಯಾ?" ಅಂತ ಟೈಪ್ ಮಾಡಿದೆ, ಅಳಿಸಿದೆ. ಅವಳು "ಚೆನ್ನಾಗಿದೀನಿ, ನೀನು?" ಅನ್ನುತ್ತಾಳೆ, ಆಮೇಲೆ ಊರು, ಅಪ್ಪ ಅಮ್ಮ, ಕೆಲಸ ಎಲ್ಲ ಮುಗಿದ ಮೇಲೆ ನಾನು ವಿಷಯಕ್ಕೆ ಬಂದರೆ ಅಷ್ಟು ಹೊತ್ತಿನ ಮಾತೂ ಇದಕ್ಕೇ ಅಂತ ಅವಳಿಗೆ ಅನ್ನಿಸುತ್ತದೆ. ಅದಕ್ಕೆ ಮೊದಲ ಮೆಸೇಜಿನಲ್ಲೇ ಎಲ್ಲ ಬರೆದೆ. ಫೋನ್ ಬೇಕಂತಲೇ ಮಾಡಲಿಲ್ಲ. ಫೋನಿನಲ್ಲಿ ಕೇಳಿದರೆ ಯಾರಿಗೂ ತಕ್ಷಣ ಇಲ್ಲ ಅನ್ನಲು ಬರಲ್ಲ. ಕಳಿಸಿದ್ದು ಇದು:

"ಲೇ, ಬಹಳ ದಿನ ಆಯ್ತು, ಈಗ ಒಂದು ಸಹಾಯ ಕೇಳೋಕೆ ಮೆಸೇಜ್ ಮಾಡ್ತಿದೀನಿ. ಸೋಮವಾರ ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ಇಂಟರ್‌ವ್ಯೂ ಇದೆ. ಭಾನುವಾರ ರಾತ್ರಿ ಒಂಬತ್ತರ ಒಳಗೆ ಬಂದು ನಿನ್ನ ಹತ್ರ ಉಳೀಬಹುದಾ? ಸೋಮವಾರ ಲೇಟಾದ್ರೆ ಅವತ್ತು ರಾತ್ರೀನೂ ಇರಬೇಕಾಗಬಹುದು, ಮಂಗಳವಾರ ಖಂಡಿತ ಹೊರಡ್ತೀನಿ. ನಿನ್ನ ರೂಮಿನವರಿಗೆ, ಓನರ್‌ಗೆ ಒಪ್ಪಿಗೆ ಇದ್ರೆ ಮಾತ್ರ. ಗೆಸ್ಟ್ ಚಾರ್ಜ್ ನಾನು ಕೊಡ್ತೀನಿ. ಆಗಲ್ಲ ಅಂದ್ರೂ ಪರವಾಗಿಲ್ಲ, ರಾಜಾಜಿನಗರದಲ್ಲಿ ದೊಡ್ಡಮ್ಮ ಇದ್ದಾರೆ. ನಾಳೆ ಸಂಜೆ ಒಳಗೆ ಹೇಳಿದ್ರೆ ಸಾಕು."

ಇದರಲ್ಲಿ ಎರಡನೇ ರಾತ್ರಿಯ ಮಾತು ಬಹಳ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಇಂಟರ್‌ವ್ಯೂ ಒಂದೇ ದಿನ ಅಂತ ಮೇಲ್‌ನಲ್ಲಿದ್ದರೂ ಒಂದು ರಾತ್ರಿ ಜಾಸ್ತಿ ಕೇಳಿಟ್ಟುಕೊಳ್ಳಿ. ಕೇಳಿದ್ದನ್ನು ಬೇಡ ಅನ್ನುವುದು ಸುಲಭ. ಹೋಗಿ ಕೂತ ಮೇಲೆ ಇನ್ನೊಂದು ರಾತ್ರಿ ಅನ್ನುವುದು ಕಷ್ಟ. ದೊಡ್ಡಮ್ಮನ ಹೆಸರು ಬರೆದದ್ದೂ ಸುಮ್ನೆ ಅಲ್ಲ. ನನಗೆ ಬೇರೆ ದಾರಿ ಇದೆ ಅಂತ ಗೊತ್ತಿದ್ದರೆ ಅವಳು ಸಂಕೋಚವಿಲ್ಲದೆ ಇಲ್ಲ ಅನ್ನಬಹುದು.

ಐದು ನಿಮಿಷಕ್ಕೆ ಉತ್ತರ ಬಂತು. "ಬಾರೇ, ಇದಕ್ಕೆಲ್ಲ ಇಷ್ಟುದ್ದ ಕೇಳ್ತಾರಾ!" ನಾನು ಖುಷಿಯಾಗಿ ಮಲಗಿದೆ. ಶುಕ್ರವಾರ ಮಧ್ಯಾಹ್ನ ಅವಳದೇ ಫೋನ್ ಬಂತು, ಧ್ವನಿ ಸ್ವಲ್ಪ ಸಣ್ಣದಾಗಿತ್ತು. ಓನರ್ ಆಂಟಿಯನ್ನು ಕೇಳಿದ್ದಳು. ಗೆಸ್ಟ್ ಇರಬಹುದು, ಆದರೆ ಎರಡು ರಾತ್ರಿಗಿಂತ ಜಾಸ್ತಿ ಇಲ್ಲ. ದಿನಕ್ಕೆ 350, ಊಟ ತಿಂಡಿ ಸೇರಿ. ಆಧಾರ್ ಜೆರಾಕ್ಸ್ ಕೊಡಬೇಕು, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಗೇಟು ರಾತ್ರಿ ಹತ್ತಕ್ಕೆ ಬಂದ್, ಬೆಳಿಗ್ಗೆ ಐದೂವರೆಗೆ ತೆಗೆಯುತ್ತಾರೆ. ಮತ್ತೆ ಅವಳ ರೂಮು ಮೂರು ಶೇರಿಂಗ್. ಒಬ್ಬಳು ನೈಟ್ ಶಿಫ್ಟ್, ಬೆಳಿಗ್ಗೆ ಬಂದು ಮಲಗುತ್ತಾಳೆ. ಇನ್ನೊಬ್ಬಳ ಅಮ್ಮ ಮಂಗಳವಾರ ಕಲಬುರಗಿಯಿಂದ ಬರುತ್ತಾರೆ.

ಪಿ.ಜಿ.ಯಲ್ಲಿರುವ ಗೆಳತಿಯನ್ನು ಕೇಳುವಾಗ ಇದು ನೆನಪಿರಲಿ. ಅವಳ ಕೈಯಲ್ಲಿರುವುದು ಒಂದು ಮಂಚ, ಅರ್ಧ ಬೀರು ಮಾತ್ರ. ಅವಳು ಮೊದಲು ಹೇಳುವ ಹೂಂ ಪ್ರೀತಿಯಿಂದ ಬಂದದ್ದು. ನಿಜವಾದ ಹೂಂ ಬರಬೇಕಾದದ್ದು ಓನರ್, ರೂಮಿನವರು, ಗೇಟಿನ ಟೈಮು ಎಲ್ಲ ಮುಗಿದ ಮೇಲೆ. ಆ ಎರಡನೇ ಹೂಂ ಬರುವ ತನಕ ಬಸ್ಸಿನ ಸೀಟ್ ಬುಕ್ ಮಾಡಬೇಡಿ. ಗಂಡುಹುಡುಗರ ಪಿ.ಜಿ.ಯಲ್ಲೂ ಗೆಸ್ಟ್ ಚಾರ್ಜ್, ಆಧಾರ್ ಇದ್ದೇ ಇರುತ್ತದೆ ಅಂತ ನನ್ನ ತಮ್ಮ ಹೇಳಿದ. ಅಪಾರ್ಟ್‌ಮೆಂಟ್ ಆದರೆ ಓನರ್ ಬದಲು ಗೇಟಿನ ಸೆಕ್ಯುರಿಟಿ, ಅವರ ಆ್ಯಪ್‌ನಲ್ಲಿ ಗೆಳೆಯ ಒಪ್ಪಿಗೆ ಒತ್ತುವ ತನಕ ಒಳಗೆ ಬಿಡಲ್ಲ. ಅವನು ನಿದ್ದೆಯಲ್ಲಿದ್ದರೆ ನೀವು ಹೊರಗೆ.

ಇನ್ನೊಂದು ಸಮಸ್ಯೆ ಅದೇ ಫೋನಿನಲ್ಲಿ ಹೊರಗೆ ಬಂತು. ಅವಳು ಶುಕ್ರವಾರ ಸಂಜೆ ಹಿರಿಯೂರಿಗೆ, ಅವರ ಊರಿಗೆ ಹೋಗುವವಳು. ವಾಪಸ್ ಬರುವುದು ಸೋಮವಾರ ಬೆಳಗಿನ ಜಾವ ಅಂತ ಅಂದುಕೊಂಡಿದ್ದಳು. ಅವಳಿಲ್ಲದೆ ಗೆಸ್ಟನ್ನು ಒಳಗೆ ಬಿಡಲ್ಲ ಅಂತ ಆಂಟಿ ಮೊದಲೇ ಹೇಳಿದ್ದರಂತೆ. ವಾರಾಂತ್ಯಕ್ಕೆ ಹೊಂದಿಕೊಂಡ ಇಂಟರ್‌ವ್ಯೂ ಆದರೆ ಇದನ್ನು ಕೇಳಲೇಬೇಕು. ಪಿ.ಜಿ.ಯಲ್ಲಿರುವ ನಮ್ಮ ಕಡೆಯವರು ಅರ್ಧಕ್ಕರ್ಧ ಶುಕ್ರವಾರ ರಾತ್ರಿ ಊರಿನ ಬಸ್ಸಿನಲ್ಲಿರುತ್ತಾರೆ. ನನಗೋಸ್ಕರ ಅವಳು ಭಾನುವಾರ ಸಂಜೆಗೇ ಹೊರಡಲು ಒಪ್ಪಿದಳು. ಅಮ್ಮನ ಜೊತೆ ಕಳೆಯುವ ಒಂದು ಸಂಜೆ ನನ್ನಿಂದ ಹೋಯಿತು ಅಂತ ಮನಸ್ಸಿಗೆ ಚುಚ್ಚಿತು. ಹಾಗಂತ ಅವಳಿಗೆ ಹೇಳಿದೆ ಕೂಡ. "ಅಮ್ಮನೇ ಕಳಿಸ್ತಿದಾಳೆ, ಹೋಗಿ ಬೇಯಿಸಿ ಹಾಕು ಅಂತ" ಅಂದಳು. ಪಿ.ಜಿ.ಯಲ್ಲಿ ಬೇಯಿಸಲು ಬಿಡಲ್ಲ, ಅದು ಬೇರೆ ಮಾತು.

ಯಾವಾಗ ಹೊರಡಬೇಕು ಅನ್ನುವುದನ್ನೂ ಗೇಟೇ ತೀರ್ಮಾನ ಮಾಡಿತು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ರಾತ್ರಿ ಬಸ್ಸಿಗೆ ಇದು ಬಹಳ ಕೆಟ್ಟ ದೂರ. ರಾತ್ರಿ ಹತ್ತಕ್ಕೆ ಹತ್ತಿದರೆ ಮೂರೂವರೆ, ನಾಲ್ಕಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಸಿಬಿಡುತ್ತಾರೆ. ನಿದ್ದೆಯೂ ಇಲ್ಲ, ಗೇಟೂ ತೆಗೆದಿರಲ್ಲ. ಬೀದರ್, ಬೆಳಗಾವಿಯವರಿಗೆ ರಾತ್ರಿ ಬಸ್ಸು ಸರಿಹೋಗುತ್ತದೆ. ಶಿವಮೊಗ್ಗ, ಹಾಸನ, ದಾವಣಗೆರೆಯವರು ಹಗಲಲ್ಲೇ ಹೋಗಿ. ಗೆಳತಿಯನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದರೆ ಅವಳ ಜೊತೆ ಇನ್ನಿಬ್ಬರೂ ಏಳುತ್ತಾರೆ.

ಭಾನುವಾರ ಮಧ್ಯಾಹ್ನ ಒಂದಕ್ಕೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಿದೆ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ಅನ್ವಯಿಸಲ್ಲ. ದುಡ್ಡಿಲ್ಲದ್ದಕ್ಕೆ ಭಾನುವಾರದ ರಶ್ಶೂ ಹಾಗೇ ಇತ್ತು. ಚಿತ್ರದುರ್ಗದ ತನಕ ನಿಂತೇ ಹೋದೆ. ಸಿರಾ ದಾಟಿದ ಮೇಲೆ ಫೈಲು ತೆಗೆದು ಒಮ್ಮೆ ಎಲ್ಲ ನೋಡಿಕೊಂಡೆ: ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್, ಆಧಾರ್, ಪ್ಯಾನ್, ಫೋಟೋ, ಈಗಿನ ಕೆಲಸದ ಸಂಬಳದ ಚೀಟಿ. ಒರಿಜಿನಲ್ ಇರುವ ಫೈಲನ್ನು ಬ್ಯಾಗಿನಲ್ಲಿ ಬಟ್ಟೆಯ ಜೊತೆ ಇಟ್ಟು ಮೇಲೆ ಕ್ಯಾರಿಯರ್‌ಗೆ ಹಾಕಬೇಡಿ, ತೊಡೆ ಮೇಲೇ ಇರಲಿ.

ಭಾನುವಾರ ಸಂಜೆ ತುಮಕೂರು ರಸ್ತೆ ಅಂದರೆ ಊರಿನಿಂದ ವಾಪಸಾಗುವ ಎಲ್ಲರ ರಸ್ತೆ. ನೆಲಮಂಗಲ ದಾಟಿದ ಮೇಲೆ ಬಸ್ಸು ತೆವಳತೊಡಗಿತು. ನಾನು ಮೆಜೆಸ್ಟಿಕ್ ತನಕ ಕೂರಲಿಲ್ಲ. ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದೆ, ಅಲ್ಲೇ ಮೆಟ್ರೋ ಸ್ಟೇಷನ್. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಿಸಿ ವಿಜಯನಗರ. ಈ ಹೆದ್ದಾರಿಯಲ್ಲಿ ಬರುವವರು ಯಾರೇ ಆದರೂ ಸಂಜೆ ಹೊತ್ತು ಹೀಗೇ ಮಾಡಿ. ಗೊರಗುಂಟೆಪಾಳ್ಯದ ಹತ್ತಿರ ಬಸ್ಸು ನಿಂತಲ್ಲೇ ನಿಲ್ಲುವ ಹೊತ್ತಿಗೆ ನಾನು ಆಗಲೇ ಮೆಜೆಸ್ಟಿಕ್ ದಾಟಿದ್ದೆ. ಎಂಟು ಗಂಟೆಗೆ ಗೇಟಿನ ಮುಂದೆ ಗೆಳತಿ ನಿಂತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು.

ಓನರ್ ಆಂಟಿ ಕೆಳಗಿನ ಚಿಕ್ಕ ಆಫೀಸಿನಲ್ಲಿ ಟಿ.ವಿ. ನೋಡುತ್ತಿದ್ದರು. "ಯಾವೂರಮ್ಮಾ? ಏನು ಕೆಲಸಕ್ಕೆ ಬಂದಿದ್ದು? ಎಷ್ಟು ದಿನ?" ಮೂರೂ ಪ್ರಶ್ನೆಗೆ ಉತ್ತರ ಕೊಟ್ಟು ಆಧಾರ್ ಜೆರಾಕ್ಸ್ ಕೊಟ್ಟೆ. ಊರಿಂದಲೇ ನಾಲ್ಕು ಪ್ರತಿ ತಂದಿದ್ದೆ. ಭಾನುವಾರ ರಾತ್ರಿ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಒಂದೂ ತೆರೆದಿರಲಿಲ್ಲ. "ಪೊಲೀಸ್ನೋರು ಬಂದು ಕೇಳ್ತಾರಮ್ಮಾ, ಅದಕ್ಕೇ ಇದೆಲ್ಲ" ಅಂದರು. ಗೆಳತಿ ಫೋನ್ ತೆಗೆಯುವ ಮೊದಲೇ ನಾನು ಅಲ್ಲೇ ಸ್ಕ್ಯಾನ್ ಮಾಡಿ 700 ಕಳಿಸಿದೆ. ಇದನ್ನು ಬೇಕಂತಲೇ ಹಾಗೆ ಮಾಡಿದ್ದು. ಗೆಳತಿಯ ಕೈಗೆ ದುಡ್ಡು ಕೊಡಲು ಹೋದರೆ ಇಬ್ಬರೂ ಅರ್ಧ ಗಂಟೆ ಜಗಳ ಆಡಬೇಕು. ಓನರಿಗೆ ನೇರ ಕೊಟ್ಟರೆ ಮುಗಿಯಿತು. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳ ಬಾಡಿಗೆಯ ಜೊತೆ ಸೇರಿಸಿಬಿಡುತ್ತಾರೆ, ನಿಮಗೆ ಗೊತ್ತೂ ಆಗಲ್ಲ.

ರೂಮು ಎರಡನೇ ಮಹಡಿ. ಮೂರು ಮಂಚ, ಮಧ್ಯೆ ನಡೆಯಲು ಜಾಗ. ಆ ಜಾಗಕ್ಕೇ ಆಂಟಿ ಕೊಟ್ಟ ಹಾಸಿಗೆ ಹಾಸಿದೆವು. ರಾತ್ರಿ ಯಾರಾದರೂ ಬಾತ್‌ರೂಮಿಗೆ ಎದ್ದರೆ ನನ್ನನ್ನು ದಾಟಿ ಹೋಗಬೇಕು. ಬೆಡ್‌ಶೀಟ್, ಟವೆಲ್, ಸೋಪು ನನ್ನದೇ ತಂದಿದ್ದೆ. ಪಿ.ಜಿ.ಯಲ್ಲಿ ಯಾರ ಹತ್ತಿರವೂ ಎರಡನೇ ಬೆಡ್‌ಶೀಟ್ ಇರಲ್ಲ, ಇದ್ದರೂ ಅದು ಬಕೆಟ್ಟಿನಲ್ಲಿ ನೆನೆದಿರುತ್ತದೆ. ಭಾನುವಾರ ರಾತ್ರಿ ಅವರ ಪಿ.ಜಿ.ಯಲ್ಲಿ ಊಟವೂ ಇಲ್ಲ. ಇದು ಗೆಳತಿ ಹೇಳಲು ಮರೆತ ವಿಷಯ. ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಇತ್ತು. ರೂಮಿನವರಿಗೆಂದು ನಾನು ತಂದಿದ್ದ ಖಾರ ಮಂಡಕ್ಕಿ ಬಿಚ್ಚಿದ ಮೇಲೆ ಕಲಬುರಗಿಯ ಹುಡುಗಿ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. ಅಲ್ಲಿಯ ತನಕ ಫೋನಿನಿಂದ ತಲೆ ಎತ್ತಿರಲಿಲ್ಲ. ತಪ್ಪೇನಿಲ್ಲ. ಅವಳ ರೂಮು, ನಾನು ಯಾರೋ.

ಬೆಳಗಿನದ್ದು ರಾತ್ರಿಯೇ ಮಾತಾಡಿಕೊಂಡೆವು. ಬಿಸಿನೀರು ಐದೂವರೆಯಿಂದ ಏಳೂವರೆ ತನಕ ಮಾತ್ರ. ಒಂದು ಬಾತ್‌ರೂಮು. ಕಲಬುರಗಿಯವಳಿಗೆ ಏಳಕ್ಕೆ ಕ್ಯಾಬ್. ಹಾಗಾಗಿ ನಾನು ಐದೂವರೆಗೇ ಮುಗಿಸಿಬಿಡುವುದು ಅಂತಾಯಿತು. ನೈಟ್ ಶಿಫ್ಟಿನವಳು ಆರೂವರೆಗೆ ಬಂದು ಪರದೆ ಎಳೆದು ಮಲಗುತ್ತಾಳೆ, ಆಮೇಲೆ ಲೈಟ್ ಹಾಕುವ ಹಾಗಿಲ್ಲ. ಅದಕ್ಕೆ ಚೂಡಿದಾರ್ ಇಸ್ತ್ರಿ ರಾತ್ರಿಯೇ ಮಾಡಿ ಬಾಗಿಲ ಹಿಂದೆ ನೇತುಹಾಕಿದೆ. ಫೈಲು, ಪೆನ್ನು, ನೀರಿನ ಬಾಟಲಿ, ಚಪ್ಪಲಿ ಎಲ್ಲ ಬಾಗಿಲ ಹತ್ತಿರ. ಬೆಳಿಗ್ಗೆ ತಲೆ ಬಾಚಿಕೊಂಡದ್ದು ಕಾರಿಡಾರಿನ ಟ್ಯೂಬ್‌ಲೈಟಿನ ಕೆಳಗೆ, ಫೋನಿನ ಕ್ಯಾಮೆರಾ ನೋಡಿಕೊಂಡು. ಇಂಟರ್‌ವ್ಯೂಗೆ ತಯಾರಿ ಅಂದರೆ ಇದೂ ತಯಾರಿಯೇ, ಯಾರೂ ಹೇಳಲ್ಲ ಅಷ್ಟೇ.

ಎಂಟಕ್ಕೆ ಮೊದಲೇ ಮೆಟ್ರೋ ಹತ್ತಿದೆ. ವಿಜಯನಗರದಲ್ಲಿ ನಿಲ್ಲಲು ಜಾಗ ಸಿಕ್ಕಿತು, ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದ ಮೇಲೆ ಕೈ ಎತ್ತಲೂ ಆಗಲಿಲ್ಲ. ಎಲ್ಲ ರೈಲೂ ವೈಟ್‌ಫೀಲ್ಡ್ ತನಕ ಹೋಗಲ್ಲ, ಕೆಲವು ಮಧ್ಯದಲ್ಲೇ ನಿಂತು ವಾಪಸಾಗುತ್ತವೆ. ಪ್ಲಾಟ್‌ಫಾರ್ಮಿನ ಬೋರ್ಡ್ ನೋಡಿ ಹತ್ತಿ. ಪಟ್ಟಂದೂರು ಅಗ್ರಹಾರ ಸ್ಟೇಷನ್‌ನಲ್ಲಿ ಇಳಿಯುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ದೊಡ್ಡ ಬ್ಯಾಗು ರೂಮಿನಲ್ಲೇ ಬಿಟ್ಟದ್ದರಿಂದ ಬಚಾವ್. ಆಫೀಸಿನ ಗೇಟಿನಲ್ಲಿ ವಿಸಿಟರ್ ಪಾಸಿಗೆ ಸಾಲು, ಒರಿಜಿನಲ್ ಐ.ಡಿ. ನೋಡಿದರು, ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸಿದರು. ಇದಕ್ಕೇ ಅರ್ಧ ಗಂಟೆ ಹೋಯಿತು.

ಇಂಟರ್‌ವ್ಯೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಕ್ಸೆಲ್ ಟೆಸ್ಟ್, ಆಮೇಲೆ ಬಿಲ್ ಪಾವತಿಯ ಲೆಕ್ಕದ ಬಗ್ಗೆ ಪ್ರಶ್ನೆಗಳು. ಎರಡೂ ಚೆನ್ನಾಗೇ ಹೋಯಿತು. ಮಧ್ಯಾಹ್ನ ಮೂರಕ್ಕೆ ಎಚ್.ಆರ್. ಹುಡುಗಿ ನಗುನಗುತ್ತಾ ಬಂದು, "ನಿಮ್ಮ ಮ್ಯಾನೇಜರ್ ರೌಂಡ್ ಬುಧವಾರ ಹನ್ನೊಂದಕ್ಕೆ, ಓಕೆನಾ?" ಅಂದಳು.

ಬುಧವಾರ. ಅಂದರೆ ಮಂಗಳವಾರ ರಾತ್ರಿ. ಆಂಟಿಯ ಎರಡು ರಾತ್ರಿ ಮುಗಿದಿರುತ್ತದೆ, ಕಲಬುರಗಿಯ ಅಮ್ಮ ಬಂದಿರುತ್ತಾರೆ. ಊರಿಗೆ ಹೋಗಿ ಬರಬಹುದು, ಬಸ್ಸಿಗೆ ದುಡ್ಡಿಲ್ಲ ನಿಜ, ಆದರೆ ಹೋಗಿ ಬರಲು ಹನ್ನೆರಡು ಗಂಟೆ ಬಸ್ಸಿನಲ್ಲಿ. ಗೆಳತಿಗೆ ಹೇಳಿದರೆ ಅವಳು "ಹೇಗೋ ಮಾಡೋಣ" ಅನ್ನುತ್ತಾಳೆ, ಆಂಟಿಯ ಹತ್ತಿರ ಬೈಸಿಕೊಳ್ಳುತ್ತಾಳೆ. ನಾನು ಹೋದ ಮೇಲೂ ಅವಳು ಅಲ್ಲೇ ಇರಬೇಕಲ್ಲ. ಅದಕ್ಕೆ ಅವಳನ್ನು ಕೇಳುವ ಮೊದಲು ಎಚ್.ಆರ್. ಹುಡುಗಿಯನ್ನೇ ಕೇಳಿದೆ. "ನಾನು ದಾವಣಗೆರೆಯಿಂದ ಬಂದಿದೀನಿ ಮೇಡಂ, ಗೆಳತಿಯ ಪಿ.ಜಿ.ಯಲ್ಲಿ ನಾಳೆ ಬೆಳಿಗ್ಗೆ ತನಕ ಮಾತ್ರ ಜಾಗ ಇದೆ. ನಾಳೆ ಯಾವ ಹೊತ್ತಾದ್ರೂ ಸರಿ, ಆಗುತ್ತಾ? ಇಲ್ಲಾಂದ್ರೆ ವಿಡಿಯೋ ಕಾಲ್‌ನಲ್ಲಿ?" ಅವಳಿಗೆ ಆಶ್ಚರ್ಯ. ನಾನು ಬೆಂಗಳೂರಿನಲ್ಲೇ ಇರುವವಳು ಅಂದುಕೊಂಡಿದ್ದಳು. ರೆಸ್ಯೂಮೆಯಲ್ಲಿ ಊರು ಬರೆದಿತ್ತು, ಆದರೆ ಅದನ್ನು ಯಾರು ಓದುತ್ತಾರೆ? ಒಳಗೆ ಹೋಗಿ ಬಂದು, ಮಂಗಳವಾರ ಸಂಜೆ ನಾಲ್ಕಕ್ಕೆ ಅಂದಳು. ಹೊರಗಿನ ಊರಿನಿಂದ ಬಂದವರು ಇದನ್ನು ಮೊದಲ ಫೋನಿನಲ್ಲೇ ಹೇಳಿಬಿಡಿ. ಕೇಳಿದರೆ ಕಡಿಮೆ ಆಗುವುದು ಏನೂ ಇಲ್ಲ. ಒಂದೇ ದಿನಕ್ಕೆ ಎಲ್ಲ ಸುತ್ತು ಹಾಕಿಕೊಡುವ ಕಡೆಯೂ ಇದೆ ಅಂತ ಅವಳೇ ಆಮೇಲೆ ಹೇಳಿದಳು.

ಹೊರಗೆ ಬಂದ ತಕ್ಷಣ ಗೆಳತಿಗೆ ಮೆಸೇಜ್ ಹಾಕಿದೆ. "ನಾಳೆ ನಾಲ್ಕಕ್ಕೆ ಇನ್ನೊಂದು ರೌಂಡ್. ಇವತ್ತು ರಾತ್ರಿ ಮೊದಲು ಹೇಳಿದ ಹಾಗೇ ಇರ್ತೀನಿ. ನಾಳೆ ಬೆಳಿಗ್ಗೆ ರೂಮು ಖಾಲಿ ಮಾಡ್ತೀನಿ, ಬ್ಯಾಗ್ ಇಡೋಕೆ ಮಾತ್ರ ಎಲ್ಲಾದ್ರೂ ಜಾಗ ಬೇಕು." ಅವಳು ನಗುವ ಚಿತ್ರ ಕಳಿಸಿದಳು. ಅದರಲ್ಲಿ ಸಮಾಧಾನವೂ ಇತ್ತು ಅಂತ ನನಗನ್ನಿಸಿತು. ರೂಮಿನವರ ಮಧ್ಯೆ ಸಿಕ್ಕಿಕೊಳ್ಳುವ ಭಯ ಅವಳಿಗೂ ಇತ್ತಲ್ಲ.

ಬ್ಯಾಗಿನದು ಚಿಕ್ಕ ವಿಷಯ ಅನ್ನಿಸಬಹುದು. ಇಡೀ ಮಂಗಳವಾರ ನನ್ನ ತಲೆಯಲ್ಲಿದ್ದದ್ದು ಅದೇ. ರೈಲ್ವೆ ಸ್ಟೇಷನ್ನಿನಲ್ಲಿ ಕ್ಲೋಕ್ ರೂಮ್ ಇದೆ, ಆದರೆ ರೈಲಿನ ಟಿಕೆಟ್ ಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು. ನಾನು ಬಸ್ಸಿನವಳು. ಬೆಳಿಗ್ಗೆ ಆಂಟಿಯ ಹತ್ತಿರವೇ ಹೋದೆ. "ಆಂಟಿ, ರೂಮು ಬಿಟ್ಟೆ. ಬ್ಯಾಗ್ ಸಂಜೆ ತನಕ ಇಲ್ಲಿಡಬಹುದಾ?" ಅಂದೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಹೊರಟ ಸಮಯ ಬರೆಸಿಕೊಂಡ ಮೇಲೆ ಅವರ ಮುಖ ಸಡಿಲವಾಯಿತು. ಮೇಜಿನ ಕೆಳಗೆ ಇಡಿಸಿದರು, ಕಾಫಿಯನ್ನೂ ಕೊಟ್ಟರು. ದಿನ ಮುಗಿದ ಮೇಲೂ ಗೆಸ್ಟ್ ಹೋಗದೆ ಉಳಿದುಬಿಡುವ ಕಥೆ ಅವರು ಬಹಳ ನೋಡಿದ್ದಾರೆ, ಅದೊಂದೇ ಅವರ ಹೆದರಿಕೆ. ಮಧ್ಯಾಹ್ನದ ತನಕ ನಾನು ಕೂತದ್ದು ವಿಜಯನಗರದ ಸಾರ್ವಜನಿಕ ಗ್ರಂಥಾಲಯದ ಶಾಖೆಯಲ್ಲಿ. ಫ್ಯಾನಿತ್ತು, ಪೇಪರ್ ಓದುವ ಹಿರಿಯರಿದ್ದರು, ಯಾರೂ ಏನೂ ಕೇಳಲಿಲ್ಲ.

ಮ್ಯಾನೇಜರ್ ರೌಂಡ್ ನಾಲ್ಕಕ್ಕೆ ಅಂದದ್ದು ಐದಕ್ಕೆ ಶುರುವಾಯಿತು. ಆರು ದಾಟಿದ ಮೇಲೆ ಬಿಟ್ಟರು. ವಾಪಸ್ ವಿಜಯನಗರಕ್ಕೆ ಬರುವಷ್ಟರಲ್ಲಿ ಎಂಟು. ಬ್ಯಾಗು ತೆಗೆದುಕೊಂಡು, ಗೆಳತಿಯನ್ನು ಕರೆದುಕೊಂಡು ಹತ್ತಿರದ ಹೋಟೆಲ್ಲಿಗೆ ಹೋದೆ. ನಾನು ಬಿಲ್ ಕೊಡುತ್ತೇನೆ ಅಂದದ್ದಕ್ಕೆ ಇಲ್ಲಿ ಜಗಳ ಆಯಿತು, ಆದರೆ ಗೆದ್ದೆ. ಅವತ್ತೇ ನಾವು ನಿಜವಾಗಿ ಮಾತಾಡಿದ್ದು. ಅವಳಿಗೂ ಈ ಕೆಲಸ ಸಾಕಾಗಿದೆ, ಬೇರೆ ಹುಡುಕುತ್ತಿದ್ದಾಳೆ, ಮೈಸೂರಿನಲ್ಲಿ ಒಂದು ಇಂಟರ್‌ವ್ಯೂ ಬರಬಹುದು, ಅಲ್ಲಿ ಯಾರನ್ನು ಕೇಳುವುದು ಅಂತ ಯೋಚನೆ. ನನ್ನ ಚಿಕ್ಕಪ್ಪನ ಮಗಳು ಅಲ್ಲಿ ಓದುತ್ತಿದ್ದಾಳೆ, ಹಾಸ್ಟೆಲ್ಲಿನಲ್ಲಿ ಗೆಸ್ಟ್ ಬಿಡುತ್ತಾರಾ ಅಂತ ವಿಚಾರಿಸಿ ಹೇಳುತ್ತೇನೆ ಅಂದೆ.

ಹತ್ತಕ್ಕೆ ಅವಳು ಗೇಟಿನ ಒಳಗೆ ಹೋದಳು. ನಾನು ಎಂಟೂವರೆಯ ಬಸ್ಸು ಬಿಟ್ಟು ಹನ್ನೊಂದರದ್ದು ಹಿಡಿದೆ. ಬೇಗ ಹೊರಟರೆ ದಾವಣಗೆರೆಯಲ್ಲಿ ರಾತ್ರಿ ಎರಡಕ್ಕೆ ಇಳಿಸುತ್ತಾರೆ, ಅಪ್ಪ ಸ್ಕೂಟರ್ ತೆಗೆದುಕೊಂಡು ಬರಬೇಕು. ಹನ್ನೊಂದರದ್ದು ಐದಕ್ಕೆ ಮುಟ್ಟಿತು, ಆಟೋ ಸಿಕ್ಕಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಪಿ.ಜಿ.ಗೆ 700. ಮೆಟ್ರೋಗೆ ಸುಮಾರು 450, ನಾನು ಹೋದಾಗ ಒಂದು ಕಡೆಗೆ ಗರಿಷ್ಠ ದರ 90 ಇತ್ತು, ವೈಟ್‌ಫೀಲ್ಡ್ ಅಂದರೆ ಅದರ ಹತ್ತಿರ ಹತ್ತಿರವೇ. ಹೊರಗಿನ ಊಟ, ಕಾಫಿ 500. ಹೋಟೆಲ್ಲಿನ ಬಿಲ್ 420. ಮಂಡಕ್ಕಿ, ಸಿಹಿ 300. ಜೆರಾಕ್ಸ್, ಫೋಟೋ 60. ಎಲ್ಲ ಸೇರಿ 2,430. ಲಾಡ್ಜ್ ಆಗಿದ್ದರೆ ಎರಡು ರಾತ್ರಿಯ ರೂಮಿಗೇ ಅಷ್ಟು ಹೋಗುತ್ತಿತ್ತು, ಊಟ ಬೇರೆ. ಗಂಡಸರು ಇದಕ್ಕೆ ಬಸ್ಸಿನ ಚಾರ್ಜ್ ಸೇರಿಸಿಕೊಳ್ಳಿ.

ಮುಂದಿನ ವಾರ ಮೇಲ್ ಬಂತು. ಕೆಲಸ ಕೊಟ್ಟಿದ್ದಾರೆ, ಮುಂದಿನ ತಿಂಗಳ ಮೊದಲ ಸೋಮವಾರ ಸೇರಬೇಕು. ಅಮ್ಮನಿಗೆ ಹೇಳಿದ ಮೇಲೆ ಎರಡನೇ ಫೋನ್ ಗೆಳತಿಗೇ. ಆಗಲಿಲ್ಲ ಅಂದಿದ್ದರೂ ಅವಳಿಗೆ ಹೇಳುತ್ತಿದ್ದೆ, ಕಲಬುರಗಿಯವಳು ಕೂಡ "ಏನಾಯ್ತಂತೆ?" ಅಂತ ಕೇಳಿದ್ದಳಂತೆ. ಅವರ ರೂಮಿನಲ್ಲಿ ಮಂಚ ಖಾಲಿ ಇಲ್ಲ, ಇದ್ದರೂ ದಿನಾ ವಿಜಯನಗರದಿಂದ ವೈಟ್‌ಫೀಲ್ಡ್ ನನ್ನಿಂದಾಗಲ್ಲ. ಹೂಡಿ, ಕಾಡುಗೋಡಿ ಕಡೆ ಪಿ.ಜಿ. ನೋಡುತ್ತಿದ್ದೇನೆ. ಮೊದಲು ಕೇಳುತ್ತಿರುವುದು ಬಾಡಿಗೆ, ಎರಡನೆಯದು ಗೆಸ್ಟ್ ಬಿಡುತ್ತಾರಾ ಅಂತ.